ಕೊಸೊವೊ ಪ್ರಕರಣದಲ್ಲಿ ಕೋರ್ಟು ಹೇಳಿದ್ದೇನು, ಹೇಳದೆ ಬಿಟ್ಟದ್ದೇನು

ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜಾರೋಹಣ ಮುಗಿಸಿಕೊಂಡು ನಾವು ನಾಲ್ಕು ಮಂದಿ ಪರೀಕ್ಷೆಗೆ ಓದಲು ಕೂತಿದ್ದೆವು. ಬೀದರಿನ ಗೆಳೆಯ ಕೇಳಿದ: "ನಿಜಾಮರೂ 1948ರಾಗ ವಿಶ್ವಸಂಸ್ಥೆಗೆ ದೂರು ಒಯ್ದಿದ್ರಲ್ಲ, ಅವರಿಗೂ ಸ್ವಯಂ ನಿರ್ಣಯದ ಹಕ್ಕು ಇತ್ತೇನ್ರಿ?" ಈ ವಿಷಯ ಕಲಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಾಣಲಿಲ್ಲ. ಸ್ವಯಂ ನಿರ್ಣಯವೆಂದರೆ ತಮ್ಮ ರಾಜಕೀಯ ಭವಿಷ್ಯವನ್ನು ತಾವೇ ತೀರ್ಮಾನಿಸುವುದು. ಅದು ಜನಸಮುದಾಯದ ಹಕ್ಕು, ಅರಸನದ್ದಲ್ಲ. ಭಾರತದ ವಿರುದ್ಧ ಹೈದರಾಬಾದ್ ಸಂಸ್ಥಾನದ ಪರವಾಗಿ ಭದ್ರತಾ ಮಂಡಳಿಗೆ ಹೋದದ್ದು ಸಿಂಹಾಸನದ ವಾದ. ಗುಲ್ಬರ್ಗಾ, ಬೀದರ್, ರಾಯಚೂರಿನ ಜನರನ್ನು ಯಾರೂ ಕೇಳಿರಲಿಲ್ಲ.

ಹಾಗಾದರೆ ಒಂದು ಜನಸಮುದಾಯವೇ ಬೇರೆಯಾಗಬೇಕೆಂದರೆ? ವಸಾಹತುಗಳ ಮಟ್ಟಿಗೆ ಉತ್ತರ ಸ್ಪಷ್ಟ: ಅವಕ್ಕೆ ಸ್ವಾತಂತ್ರ್ಯದ ಹಕ್ಕಿದೆ. ತಕರಾರು ಇರುವುದು ವಸಾಹತಲ್ಲದ ದೇಶದೊಳಗಿನ ಜನರ ವಿಷಯದಲ್ಲಿ. ಇಲ್ಲಿ ಎಲ್ಲರೂ ಹಿಡಿದುಕೊಳ್ಳುವುದು ವಿಶ್ವಸಂಸ್ಥೆಯ 1970ರ ಸ್ನೇಹ ಸಂಬಂಧಗಳ ಘೋಷಣೆಯ ಒಂದು ವಾಕ್ಯವನ್ನು. ಅದರ ಸಾರ ಇಷ್ಟು: ಸ್ವಯಂ ನಿರ್ಣಯದ ಹೆಸರಿನಲ್ಲಿ ಯಾವ ದೇಶದ ಪ್ರಾದೇಶಿಕ ಅಖಂಡತೆಯನ್ನೂ ಒಡೆಯಬಾರದು, ಆದರೆ ಆ ದೇಶ ಭೇದವಿಲ್ಲದೆ ಇಡೀ ಜನರನ್ನು ಪ್ರತಿನಿಧಿಸುವ ಸರ್ಕಾರ ಹೊಂದಿರಬೇಕು. ಕೆಲವರು ಇದನ್ನು ತಿರುಗಿಸಿ ಓದುತ್ತಾರೆ. ಸರ್ಕಾರ ಒಂದು ಸಮುದಾಯವನ್ನು ಪೂರ್ತಿ ಹೊರಗಿಟ್ಟು ತುಳಿದರೆ ಅಖಂಡತೆಯ ಕಾಪು ಬಿದ್ದುಹೋಗುತ್ತದೆ, ಆಗ ಬೇರೆಯಾಗುವುದೇ ಕೊನೆಯ ಪರಿಹಾರ ಎಂದು. ರೆಮಿಡಿಯಲ್ ಸೆಸೆಷನ್ ಎಂಬ ವಾದ ಇದೇ. ಆದರೆ ವಾಕ್ಯ ಹಾಗೆ ನೇರವಾಗಿ ಹಕ್ಕನ್ನು ಕೊಟ್ಟಿಲ್ಲ. ತಿರುಗಿಸಿ ಓದಿದರಷ್ಟೇ ಅದು ಸಿಗುತ್ತದೆ. ವಾದದ ದೌರ್ಬಲ್ಯ ಅಲ್ಲೇ ಇದೆ.

1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಕ್ವಿಬೆಕ್ ಪ್ರಾಂತ್ಯ ಬೇರೆಯಾಗಬಹುದೇ ಎಂಬ ಬಗ್ಗೆ ಅಭಿಪ್ರಾಯ ಕೊಟ್ಟಾಗ ಈ ವಾದವನ್ನು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಅಂಥ ಹಕ್ಕು ಇದೆ ಎಂದುಕೊಂಡರೂ ಕ್ವಿಬೆಕ್‌ಗೆ ಅದು ಅನ್ವಯಿಸದು ಎಂದಿತು. ಹಿಂದಿನ 50 ವರ್ಷಗಳಲ್ಲಿ ಸುಮಾರು 40 ವರ್ಷ ಪ್ರಧಾನಿ ಪಟ್ಟದಲ್ಲಿ ಕ್ವಿಬೆಕ್‌ನವರೇ ಇದ್ದ ನೆಲವನ್ನು ಹೊರಗಿಟ್ಟ ನೆಲ ಎನ್ನುವುದು ಹೇಗೆ? ಒಂದೇ ದೇಶದೊಳಗಿದ್ದು ಆಳ್ವಿಕೆಯಲ್ಲಿ ಪಾಲು, ಭಾಷೆ, ಸಂಸ್ಕೃತಿಯ ರಕ್ಷಣೆ ಪಡೆಯುವುದನ್ನು ಆಂತರಿಕ ಸ್ವಯಂ ನಿರ್ಣಯ ಎನ್ನುತ್ತಾರೆ. ಕಲ್ಯಾಣ ಕರ್ನಾಟಕಕ್ಕಾಗಿ ಸಂವಿಧಾನದಲ್ಲಿರುವ ನಮ್ಮ 371ಜೆ ವಿಧಿ ಅದೇ ಅಂತ ಬರೆದುಬಿಡಬೇಡಿ. ಅದು ಪ್ರಾದೇಶಿಕ ಹಿಂದುಳಿದಿರುವಿಕೆಗೆ ಕೊಟ್ಟ ವಿಶೇಷ ಸೌಲಭ್ಯ. ಆದರೂ ದೇಶದೊಳಗೇ ದಾರಿ ಮಾಡಿಕೊಡುವುದೆಂದರೇನು ಎಂದು ತಿಳಿಯಲು ನಮಗೆ ಹತ್ತಿರದ ಹೋಲಿಕೆ.

ಈಗ ಸರ್ಬಿಯಾದ ಪ್ರಾಂತ್ಯವಾಗಿದ್ದ, ಅಲ್ಬೇನಿಯನ್ ಜನರೇ ಹೆಚ್ಚಿದ್ದ ಕೊಸೊವೊ. 1989ರಲ್ಲಿ ಸರ್ಬಿಯಾ ಅದರ ಸ್ವಾಯತ್ತತೆಯನ್ನು ಮೊಟಕುಗೊಳಿಸಿತು. 1998-99ರಲ್ಲಿ ಅಲ್ಬೇನಿಯನ್ ಜನರ ಮೇಲೆ ಹಿಂಸೆ, ಲಕ್ಷಾಂತರ ಮಂದಿಯ ಗುಳೆ. ಅದರ ನಡುವೆ ನ್ಯಾಟೋ ಬಾಂಬ್ ದಾಳಿ. ಜೂನ್ 1999ರಲ್ಲಿ ಭದ್ರತಾ ಮಂಡಳಿಯ 1244ನೇ ಗೊತ್ತುವಳಿ ಪ್ರಕಾರ ವಿಶ್ವಸಂಸ್ಥೆಯೇ ಆಡಳಿತ ಕೈಗೆತ್ತಿಕೊಂಡಿತು. ಸ್ವಾತಂತ್ರ್ಯ ಘೋಷಣೆ ಬಂದದ್ದು 2008ರ ಫೆಬ್ರುವರಿ 17ರಂದು. ಈ ಎರಡು ತಾರೀಖುಗಳ ನಡುವಿನ ಅಂತರವನ್ನು ನೋಡಿ. ತುಳಿತ ಜೋರಾಗಿದ್ದದ್ದು 1999ರಲ್ಲಿ. 2008ರಲ್ಲಿ ಸರ್ಬಿಯಾದ ಪೊಲೀಸರು, ಸೈನ್ಯ ಅಲ್ಲಿ ಇರಲೇ ಇಲ್ಲ. ಆಗಲೂ ಬೇರೆ ದಾರಿಯಿರಲಿಲ್ಲ ಎನ್ನಬಹುದೇ? ವಾದದ ಎದುರಾಳಿಗಳ ಗಟ್ಟಿ ಪ್ರಶ್ನೆ ಇದು, ನನ್ನ ಮಟ್ಟಿಗೂ ಇದಕ್ಕೆ ಸರಿಯಾದ ಉತ್ತರ ಸಿಕ್ಕಿಲ್ಲ.

ಸರ್ಬಿಯಾದ ಒತ್ತಾಯದಿಂದ ಮಹಾಸಭೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಪ್ರಶ್ನೆ ಕಳಿಸಿತು. 2010ರ ಜುಲೈ 22ರಂದು 10-4 ಮತಗಳಿಂದ ಬಂದ ಉತ್ತರ: ಸ್ವಾತಂತ್ರ್ಯ ಘೋಷಣೆ ಅಂತರರಾಷ್ಟ್ರೀಯ ಕಾನೂನನ್ನು ಉಲ್ಲಂಘಿಸಿಲ್ಲ. ಪರೀಕ್ಷೆಯಲ್ಲಿ ಬಹಳ ಜನ ಎಡವುವುದು ಇಲ್ಲೇ, "ಕೊಸೊವೊ ಪ್ರತ್ಯೇಕತೆ ಕಾನೂನುಬದ್ಧವೆಂದು ಕೋರ್ಟ್ ಹೇಳಿತು" ಎಂದು ಬರೆದುಬಿಡುತ್ತಾರೆ. ಕೇಳಿದ ಪ್ರಶ್ನೆ ಘೋಷಣೆಯ ಬಗ್ಗೆ ಮಾತ್ರ. ದೇಶವಾಯಿತೇ, ಬೇರೆಯಾಗುವ ಹಕ್ಕಿತ್ತೇ ಎಂದು ಯಾರೂ ಕೇಳಿರಲಿಲ್ಲ. ರೆಮಿಡಿಯಲ್ ಸೆಸೆಷನ್ ಬಗ್ಗೆ ದೇಶಗಳ ನಡುವೆ ತೀವ್ರ ಭಿನ್ನಾಭಿಪ್ರಾಯವಿದೆ ಎಂದಷ್ಟೇ ಹೇಳಿ ಕೋರ್ಟ್ ಅದನ್ನು ಬಗೆಹರಿಸದೆ ಬಿಟ್ಟಿತು. ಆದರೆ ಒಂದು ಮಾತನ್ನು ಬಿಡಿಸಿ ಹೇಳಿತು: ಪ್ರಾದೇಶಿಕ ಅಖಂಡತೆಯ ನಿಯಮ ದೇಶ-ದೇಶಗಳ ನಡುವಿನದು. ಒಂದು ದೇಶ ಇನ್ನೊಂದರ ನೆಲವನ್ನು ಸೈನ್ಯದಿಂದ ಕೀಳಬಾರದು. ಒಳಗಿನ ಗುಂಪೊಂದು ಘೋಷಣೆ ಮಾಡುವುದನ್ನು ಆ ನಿಯಮ ತಡೆಯುವುದೂ ಇಲ್ಲ, ಅದಕ್ಕೆ ಹಕ್ಕನ್ನೂ ಕೊಡುವುದಿಲ್ಲ.

ಆ ಪ್ರಕರಣದಲ್ಲಿ ರಷ್ಯಾ ಸರ್ಬಿಯಾದ ಪರ ನಿಂತಿತ್ತು. ಮೂಲ ದೇಶವೇ ನೇರ ಸಶಸ್ತ್ರ ದಾಳಿ ನಡೆಸಿ ಜನರ ಅಸ್ತಿತ್ವಕ್ಕೇ ಅಪಾಯ ತಂದಂಥ ವಿಪರೀತ ಸಂದರ್ಭ ಬಿಟ್ಟರೆ ಪ್ರತ್ಯೇಕತೆಗೆ ಅವಕಾಶವಿಲ್ಲ ಎಂದು ಅದು ಲಿಖಿತವಾಗಿ ವಾದಿಸಿತ್ತು. 2014ರಲ್ಲಿ ಉಕ್ರೇನಿನ ಕ್ರೈಮಿಯಾವನ್ನು ತನಗೆ ಸೇರಿಸಿಕೊಂಡಾಗ ಅದೇ ರಷ್ಯಾ ಕೊಸೊವೊವನ್ನು ಪೂರ್ವನಿದರ್ಶನವಾಗಿ ಮುಂದಿಟ್ಟಿತು. ಕ್ರೈಮಿಯಾದ ಜನರ ಮೇಲೆ ಉಕ್ರೇನ್ ಸೈನ್ಯದ ದಾಳಿ ನಡೆದಿರಲಿಲ್ಲ. ಅಲ್ಲಿ ಇಳಿದದ್ದು ರಷ್ಯಾದ ಸೈನ್ಯ. ಅಖಂಡತೆಯ ನಿಯಮ ದೇಶ-ದೇಶಗಳ ನಡುವಿನದು ಎಂದ ಕೋರ್ಟಿನ ಮಾತು ಇಲ್ಲಿ ನೇರವಾಗಿ ತಾಗುತ್ತದೆ. ಮಹಾಸಭೆಯಲ್ಲಿ 100 ದೇಶಗಳು ಉಕ್ರೇನಿನ ಅಖಂಡತೆಯ ಪರ, 11 ವಿರುದ್ಧ ಮತ ಹಾಕಿದವು. ಭಾರತ ಸೇರಿ 58 ದೇಶಗಳು ತಟಸ್ಥವಾಗಿದ್ದವು.