ಶಾಖ ಹೀರುವ ಕ್ರಿಯೆ ತಾನಾಗೇ ನಡೆಯುವುದು ಹೇಗೆ?

ಓದುಗರ ಪ್ರಶ್ನೆ: "ಮೇಡಂ, ನಾನು ಸಂಡೂರಿನವನು, ದ್ವಿತೀಯ ಪಿಯುಸಿ ಓದ್ತಿದ್ದೀನಿ. ಶಾಖ ಬಿಡುವ ಕ್ರಿಯೆಗಳು ತಾನಾಗೇ ನಡೆಯುತ್ತವೆ ಅಂತ ಅಂದುಕೊಂಡಿದ್ದೆ. ಕಬ್ಬಿಣ ತುಕ್ಕು ಹಿಡಿಯೋದು ಹಾಗೇ ಅಲ್ವಾ? ಆದರೆ ನಮ್ಮೂರ ಅದಿರನ್ನು ಕಲ್ಲಿದ್ದಲಿನ ಜೊತೆ ಕಾಯಿಸಿ ಕಬ್ಬಿಣ ತೆಗೆಯುವಾಗ ಶಾಖ ಒಳಗೆ ಹೋಗುತ್ತೆ. ಅದನ್ನೂ ಸ್ವಯಂಪ್ರೇರಿತ ಕ್ರಿಯೆ ಅಂತಾರೆ. ಶಾಖ ಕೊಡೋರು ನಾವು, ಮತ್ತೆ ತಾನಾಗೇ ಅನ್ನೋದು ಹೇಗೆ?"

ತಮ್ಮಾ, ಇದನ್ನು ನನ್ನ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ಕೇಳದವರು ಸೂತ್ರ ಬಾಯಿಪಾಠ ಮಾಡಿ ಮುಂದೆ ಹೋಗಿಬಿಡುತ್ತಾರೆ. ನೀನು ನಿಂತು ಕೇಳಿದ್ದು ಒಳ್ಳೆಯದಾಯಿತು.

ಮೊದಲು "ತಾನಾಗೇ" ಅನ್ನುವ ಮಾತು. ಬಳ್ಳಾರಿಯ ಏಪ್ರಿಲ್ ಮಧ್ಯಾಹ್ನ ಒಂದು ಮಂಜುಗಡ್ಡೆಯನ್ನು ತಟ್ಟೆಯಲ್ಲಿಟ್ಟು ನೋಡು. ಕರಗಲು ಅದಕ್ಕೆ ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದ ತಾನೇ ಎಳೆದುಕೊಳ್ಳುತ್ತದೆ, ಯಾರೂ ಒತ್ತಾಯ ಮಾಡುವುದಿಲ್ಲ. ಅದೇ ಗಡ್ಡೆ ಫ್ರೀಜರ್‌ನಲ್ಲಿದ್ದರೆ? ಅಲ್ಲಿನ ಗಾಳಿಯಲ್ಲೂ ಶಾಖ ಇದ್ದೇ ಇದೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಅಂದರೂ ಅದು 255 ಕೆಲ್ವಿನ್. ಆದರೆ ಗಡ್ಡೆ ಅದನ್ನು ಎಳೆದುಕೊಳ್ಳುವುದಿಲ್ಲ. ಹಾಗಾಗಿ ಶಾಖ ಯಾರು ಕೊಟ್ಟರು ಅನ್ನುವುದು ಇಲ್ಲಿ ಪ್ರಶ್ನೆಯಲ್ಲ. ಇಷ್ಟು ಬಿಸಿ ಇರುವ ಜಾಗದಲ್ಲಿ ಇಟ್ಟರೆ ಈ ಕ್ರಿಯೆ ಶಾಖ ಎಳೆದುಕೊಂಡು ಮುಂದೆ ಹೋಗುತ್ತದೆಯೋ ಇಲ್ಲವೋ, ಅದಷ್ಟೇ ಪ್ರಶ್ನೆ. ಕುಲುಮೆಯನ್ನು ಬಿಸಿಯಾಗಿ ಇಡುವುದು ನಮ್ಮ ಕೆಲಸ. ಆ ಬಿಸಿಯಲ್ಲಿ ಏನು ಮಾಡಬೇಕು ಅನ್ನುವುದು ಅದಿರು ಮತ್ತು ಇಂಗಾಲಕ್ಕೆ ಬಿಟ್ಟದ್ದು.

ಈಗ ನಿಮ್ಮೂರ ಅದಿರಿಗೇ ಬರೋಣ. ಸಂಡೂರಿನ ಗುಡ್ಡಗಳಲ್ಲಿರುವುದು ಹೆಚ್ಚಾಗಿ ಹೆಮಟೈಟ್, ಅಂದರೆ Fe₂O₃. ಇಂಗಾಲದ ಜೊತೆ ಅದರ ಕ್ರಿಯೆಯನ್ನು ಹೀಗೆ ಬರೆಯಬಹುದು:

Fe₂O₃ + 3C → 2Fe + 3CO

ಎರಡೂ ಕಡೆ ನೋಡು. ಎಡಗಡೆ ಇರುವುದೆಲ್ಲ ಘನವಸ್ತು. ಬಲಗಡೆ ಕಬ್ಬಿಣದ ಜೊತೆ ಮೂರು ಮೋಲ್ ಅನಿಲ ಹುಟ್ಟಿದೆ. ಕಲ್ಲಿನಲ್ಲಿ ಕಟ್ಟಿಹಾಕಿದಂತಿದ್ದ ಆಮ್ಲಜನಕದ ಪರಮಾಣುಗಳು ಈಗ ಇಂಗಾಲದ ಜೊತೆ ಬಯಲಿಗೆ ಬಂದು ಓಡಾಡುತ್ತಿವೆ. ಶಕ್ತಿ ಹರಡಿಕೊಳ್ಳಲು ದಾರಿಗಳು ಸಿಕ್ಕಾಪಟ್ಟೆ ಜಾಸ್ತಿಯಾದವು. ಎಂಟ್ರೊಪಿ ಏರಿತು ಅಂದರೆ ಇದೇ. ಕೋಷ್ಟಕದ ಬೆಲೆಗಳನ್ನು ಕೂಡಿ ಕಳೆದರೆ ΔS ಸುಮಾರು 543 ಜೂಲ್ ಪ್ರತಿ ಕೆಲ್ವಿನ್‌ಗೆ ಬರುತ್ತದೆ. ಇನ್ನು ΔH? ಕಬ್ಬಿಣ ಮತ್ತು ಆಮ್ಲಜನಕದ ಬಂಧ ಗಟ್ಟಿ. ಅದನ್ನು ಬಿಡಿಸಲು ಹೋಗುವ ಶಾಖ, CO ಹುಟ್ಟುವಾಗ ಬರುವ ಶಾಖಕ್ಕಿಂತ ಬಹಳ ಹೆಚ್ಚು. ಲೆಕ್ಕ ಹಾಕಿದರೆ ΔH ಸುಮಾರು +493 ಕಿಲೋಜೂಲ್.

ಇಲ್ಲೇ ಜಗಳ ಶುರು. ಶಾಖದ ಲೆಕ್ಕ ಬೇಡ ಅನ್ನುತ್ತದೆ, ಎಂಟ್ರೊಪಿಯ ಲೆಕ್ಕ ಬೇಕು ಅನ್ನುತ್ತದೆ. ಯಾರ ಮಾತು ನಡೆಯುತ್ತದೆ ಅನ್ನುವುದನ್ನು ಗಿಬ್ಸ್ ಮುಕ್ತ ಶಕ್ತಿಯ ಸೂತ್ರ ಹೇಳುತ್ತದೆ:

ΔG = ΔH − TΔS

ΔG ಋಣ ಬಂದರೆ ಕ್ರಿಯೆ ಮುಂದಕ್ಕೆ, ಧನ ಬಂದರೆ ಇಲ್ಲ. ಇಷ್ಟು ನಿನಗೆ ಗೊತ್ತು. ಆದರೆ ಆ T ಯಾಕೆ ಎಂಟ್ರೊಪಿಯ ಪಕ್ಕದಲ್ಲೇ ನಿಂತಿದೆ? ತರಗತಿಯಲ್ಲಿ ನಾವು ಇದನ್ನು ಅವಸರದಲ್ಲಿ ದಾಟಿಬಿಡುತ್ತೇವೆ. ನನ್ನ ಪ್ರಕಾರ ನಿನ್ನ ಪ್ರಶ್ನೆಯ ಉತ್ತರ ಇರುವುದು ಇಲ್ಲೇ.

ಬೇಸಿಗೆಯಲ್ಲಿ ಹಗರಿ ಹೊಳೆಯ ಮರಳಲ್ಲಿ ವರತೆ ತೋಡಿ ನೀರು ತುಂಬುವುದನ್ನು ನೋಡಿರುತ್ತೀಯ. ಒಂದು ಕೊಡ ನೀರು ತೆಗೆದರೆ ವರತೆಯ ತಳ ಕಾಣುತ್ತದೆ. ಅದೇ ಒಂದು ಕೊಡವನ್ನು ತುಂಬಿದ ತುಂಗಭದ್ರಾ ಜಲಾಶಯದಿಂದ ತೆಗೆದರೆ ಏನೂ ಗೊತ್ತಾಗುವುದಿಲ್ಲ. ಶಾಖದ ಕಥೆಯೂ ಹೀಗೇ. ಸುತ್ತಲಿನಿಂದ ಶಾಖ ಎಳೆದುಕೊಂಡರೆ ಸುತ್ತಲಿನ ಎಂಟ್ರೊಪಿ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದು ಎಳೆದುಕೊಂಡ ಶಾಖವನ್ನು ಆ ಜಾಗದ ತಾಪಮಾನದಿಂದ ಭಾಗಿಸಿದಷ್ಟು. ತಣ್ಣಗಿರುವ ಜಾಗಕ್ಕೆ ಆ ನಷ್ಟ ದೊಡ್ಡದು. ಕಾದ ಜಾಗದಿಂದ ಅದೇ ಶಾಖ ಹೋದರೂ ನಷ್ಟ ಚಿಕ್ಕದು.

ಅಂಕಿ ಹಾಕಿ ನೋಡೋಣ. 25 ಡಿಗ್ರಿ ಸೆಲ್ಸಿಯಸ್ ಅಂದರೆ 298 ಕೆಲ್ವಿನ್. 4,93,000 ಜೂಲ್ ಅನ್ನು 298ರಿಂದ ಭಾಗಿಸಿದರೆ ಸುತ್ತಲಿನ ನಷ್ಟ ಸುಮಾರು 1,654. ಕ್ರಿಯೆಯ ಒಳಗಿನ ಗಳಿಕೆ ಬರೀ 543. ಒಟ್ಟಿನಲ್ಲಿ 1,100ಕ್ಕೂ ಹೆಚ್ಚು ನಷ್ಟ. ಒಟ್ಟು ಎಂಟ್ರೊಪಿ ಇಳಿಯುವ ದಿಕ್ಕಿಗೆ ಯಾವ ಕ್ರಿಯೆಯೂ ತಾನಾಗಿ ಹೋಗುವುದಿಲ್ಲ. ಅದಿರಿನ ಪುಡಿಯನ್ನೂ ಕಲ್ಲಿದ್ದಲಿನ ಪುಡಿಯನ್ನೂ ಬೆರೆಸಿ ನಿಮ್ಮ ಹಿತ್ತಲಲ್ಲಿ ನೂರು ವರ್ಷ ಬಿಟ್ಟರೂ ಕಬ್ಬಿಣ ಆಗದಿರುವುದು ಇದಕ್ಕೇ.

ಈಗ ಅದೇ ಬೆರಕೆಯನ್ನು 1,200 ಕೆಲ್ವಿನ್‌ನಲ್ಲಿ ಇಡು, ಅಂದರೆ ಸುಮಾರು 927 ಡಿಗ್ರಿಯಲ್ಲಿ. ಸುತ್ತಲಿನ ನಷ್ಟ ಸುಮಾರು 411ಕ್ಕೆ ಇಳಿಯಿತು. ಒಳಗಿನ ಗಳಿಕೆ ಹೆಚ್ಚುಕಡಿಮೆ ಅದೇ 543. ಒಟ್ಟಿನಲ್ಲಿ 132 ಲಾಭ. ಕ್ರಿಯೆ ಶಾಖವನ್ನು ತಾನಾಗಿ ಎಳೆದುಕೊಂಡು ಮುಂದೆ ಹೋಗುತ್ತದೆ, ಥೇಟ್ ಆ ಮಂಜುಗಡ್ಡೆಯ ಹಾಗೆ. ಈ ಇಡೀ ಲೆಕ್ಕವನ್ನು T ಇಂದ ಗುಣಿಸಿ, ಚಿಹ್ನೆ ತಿರುಗಿಸಿ ಬರೆದರೆ ಸಿಗುವುದೇ ΔH − TΔS. ಬಿಸಿ ಏರಿದ ಹಾಗೆ ΔH ಚಿಕ್ಕದಾಗುವುದಿಲ್ಲ. ಆ ಶಾಖಕ್ಕೆ ಸುತ್ತಲಿನವರು ತೆರುವ ಬೆಲೆ ಇಳಿಯುತ್ತದೆ.

ಹಾಗಾದರೆ ಗಡಿ ಎಲ್ಲಿ? ಎರಡೂ ಸಮವಾಗುವಲ್ಲಿ. ΔH ಅನ್ನು ΔSನಿಂದ ಭಾಗಿಸು. ಇಲ್ಲಿ ಒಂದು ಎಚ್ಚರಿಕೆ. ಕೋಷ್ಟಕದಲ್ಲಿ ΔH ಕಿಲೋಜೂಲ್‌ನಲ್ಲಿ ಇರುತ್ತದೆ, ΔS ಜೂಲ್‌ನಲ್ಲಿ. ಹಾಗೇ ಭಾಗಿಸಿದರೆ 0.9 ಕೆಲ್ವಿನ್ ಬರುತ್ತದೆ. ಅದು ನಿಜವಾಗಿದ್ದರೆ ಸಂಡೂರಿನ ಗುಡ್ಡದಲ್ಲಿ ಅದಿರಿಗೆ ಇದ್ದಲು ತಾಗಿದಲ್ಲೆಲ್ಲ ಕಬ್ಬಿಣ ಆಗಬೇಕಿತ್ತು! ಉತ್ತರ ಪತ್ರಿಕೆಗಳಲ್ಲಿ ನಾನು ಹೆಚ್ಚಾಗಿ ನೋಡುವ ತಪ್ಪು ಇದೇ. ಸರಿಯಾಗಿ 4,93,000 ಅನ್ನು 543ರಿಂದ ಭಾಗಿಸಿದರೆ ಸುಮಾರು 908 ಕೆಲ್ವಿನ್, ಅಂದರೆ 635 ಡಿಗ್ರಿ ಸೆಲ್ಸಿಯಸ್.

ಇಂಗಾಲವೇ ಇಲ್ಲದೆ ಅದಿರನ್ನು ಸುಮ್ನೆ ಕಾಯಿಸಿದರೆ ಆಗಲ್ವಾ ಅಂತ ನೀನು ಕೇಳಬಹುದು. ಅದನ್ನೂ ಹೀಗೇ ನೋಡಬಹುದು. ಅದಿರು ಒಡೆದು ಕಬ್ಬಿಣ ಮತ್ತು ಆಮ್ಲಜನಕ ಆಗಬೇಕಾದರೆ ΔH +824 ಕಿಲೋಜೂಲ್. ΔS ಮಾತ್ರ ಸುಮಾರು 275, ಯಾಕೆಂದರೆ ಹುಟ್ಟುವ ಅನಿಲ ಒಂದೂವರೆ ಮೋಲ್ ಅಷ್ಟೇ. ಗಡಿ 3,000 ಕೆಲ್ವಿನ್ ಹತ್ತಿರ ಹೋಗಿ ನಿಲ್ಲುತ್ತದೆ. ಅಷ್ಟು ಬಿಸಿಯಲ್ಲಿ ವಸ್ತುಗಳೇ ಕರಗಿ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಆದರೂ ಅಂದಾಜು ಸಿಕ್ಕಿತಲ್ಲ. ಇಂಗಾಲ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಶಾಖದ ಸಾಲವನ್ನು ಇಳಿಸುತ್ತದೆ, ಅನಿಲವನ್ನು ಎರಡರಷ್ಟು ಮಾಡುತ್ತದೆ. ನನಗೆ ಈ ಎರಡನೆಯ ಕೆಲಸವೇ ಸೊಗಸು ಅನಿಸುತ್ತದೆ. ಇದ್ದಲು ಬರೀ ಬೆಂಕಿಗೆ ಅಂದುಕೊಳ್ಳುವವರು ಇದನ್ನು ಗಮನಿಸುವುದೇ ಇಲ್ಲ.

ಆದರೆ 635 ಡಿಗ್ರಿಯನ್ನು ವೇದವಾಕ್ಯ ಅಂದುಕೊಳ್ಳಬೇಡ. ಮೊದಲನೆಯದಾಗಿ, ΔH ಮತ್ತು ΔS ಎಲ್ಲ ತಾಪಮಾನದಲ್ಲೂ ಒಂದೇ ಅಂತ ನಾವು ಹಿಡಿದುಕೊಂಡೆವು. ಅದು ಅಂದಾಜು ಮಾತ್ರ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಅದಿರು ಒಂದೇ ಏಟಿಗೆ ಕಬ್ಬಿಣ ಆಗುವುದಿಲ್ಲ. Fe₂O₃ ಮೊದಲು Fe₃O₄ ಆಗುತ್ತದೆ, ಆಮೇಲೆ FeO, ಕೊನೆಗೆ Fe. ಮೊದಲ ಮೆಟ್ಟಿಲು ಸುಲಭ. ಕೊನೆಯದು ಕಷ್ಟ. FeO ಇಂದ ಕಬ್ಬಿಣ ಬಿಡಿಸಲು ಸುಮಾರು 720 ಡಿಗ್ರಿಯಾದರೂ ದಾಟಬೇಕು. ನಾವು ತೆಗೆದ 635 ಈ ಮೂರೂ ಮೆಟ್ಟಿಲುಗಳ ಸರಾಸರಿಯ ಹಾಗೆ. ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ದಾರಿಯಲ್ಲಿ ನಿಂತ ಆಕ್ಸೈಡ್ ಸಿಗುತ್ತದೆ, ಕಬ್ಬಿಣ ಸಿಗುವುದಿಲ್ಲ.

ಬಳ್ಳಾರಿ, ಕೊಪ್ಪಳದ ಸುತ್ತ ಸ್ಪಾಂಜ್ ಐರನ್ ಮಾಡುವ ಕಡೆ ಉದ್ದನೆಯ ತಿರುಗುವ ಕಿಲ್ನ್‌ಗಳು ಇರುತ್ತವೆ. ಒಳಗೆ ಅದಿರು ಮತ್ತು ಕಲ್ಲಿದ್ದಲು ಜೊತೆಯಾಗಿ ಉರುಳುತ್ತವೆ. ಅಲ್ಲಿ ತಾಪಮಾನ ಸುಮಾರು 1,000 ಡಿಗ್ರಿ. ಕಬ್ಬಿಣ ಕರಗುವುದು 1,538ಕ್ಕೆ, ಹಾಗಾಗಿ ಅದು ಗಟ್ಟಿಯಾಗಿಯೇ ಇರುತ್ತದೆ, ಆಮ್ಲಜನಕ ಬಿಟ್ಟುಹೋದ ಜಾಗದಲ್ಲಿ ತೂತು ತೂತು. 720 ಸಾಕಾಗುವಾಗ 1,000 ಯಾಕೆ? ಯಾಕೆಂದರೆ ΔG ದಿಕ್ಕನ್ನು ಮಾತ್ರ ಹೇಳುತ್ತದೆ, ವೇಗವನ್ನು ಹೇಳುವುದಿಲ್ಲ. ನಿಜಕ್ಕೂ ಅದಿರಿನ ಒಳಗೆ ಹೊಕ್ಕು ಆಮ್ಲಜನಕ ಕಿತ್ತುಕೊಳ್ಳುವುದು CO ಅನಿಲ. ಅದು CO₂ ಆಗಿ ಹೊರಬಂದು, ಕಲ್ಲಿದ್ದಲಿಗೆ ತಾಗಿ ಮತ್ತೆ CO ಆಗಬೇಕು. ಈ ಎರಡನೆಯ ಹೆಜ್ಜೆ ನಿಧಾನದ್ದು. ಬಿಸಿ ಕಡಿಮೆಯಾದರೆ ಇಡೀ ಕೆಲಸ ಇಲ್ಲೇ ಕುಂಟುತ್ತದೆ.

ವೇಗ ಬೇರೆ, ದಿಕ್ಕು ಬೇರೆ ಅನ್ನುವುದಕ್ಕೆ ಇದರಲ್ಲೇ ಒಂದು ಒಳ್ಳೆಯ ಸಾಕ್ಷಿಯಿದೆ. CO ಅನಿಲ ಹೆಮಟೈಟನ್ನು ಕಬ್ಬಿಣ ಮಾಡುವ ಕ್ರಿಯೆಗೆ 25 ಡಿಗ್ರಿಯಲ್ಲೂ ΔG ಋಣವೇ, ಸುಮಾರು −29 ಕಿಲೋಜೂಲ್. ಆದರೂ ಕೋಣೆಯ ತಾಪಮಾನದಲ್ಲಿ ಅದಿರಿನ ಮೇಲೆ CO ಹರಿಸಿದರೆ ಏನೂ ಆಗುವುದಿಲ್ಲ. ದಾರಿ ಇಳಿಜಾರೇ, ಆದರೆ ಬಾಗಿಲು ಮುಚ್ಚಿದೆ.

ಇನ್ನು ನಿನಗೆ ಮುಂದೆ ಬರಬಹುದಾದ ಒಂದು ಅನುಮಾನ. ಗಡಿಯ ಕೆಳಗೆ ಕ್ರಿಯೆ ಹಿಂದಕ್ಕೆ ಹೋಗಬೇಕಲ್ಲ, ಹಾಗಾದರೆ ತಣ್ಣಗಾದ ಕಬ್ಬಿಣ ಮತ್ತೆ ಅದಿರಾಗುವುದಿಲ್ಲವಾ? ನಮ್ಮ ಕ್ರಿಯೆಯೇ ಹಿಂದಕ್ಕೆ ಹೋಗಬೇಕಾದರೆ ಹುಟ್ಟಿದ CO ಅಲ್ಲೇ ಇರಬೇಕು. ಅದು ಕಿಲ್ನ್‌ನಿಂದ ಹೊರಗೆ ಹೋಗಿಬಿಟ್ಟಿರುತ್ತದೆ. ನಿಜವಾದ ಅಪಾಯ ಗಾಳಿಯಲ್ಲಿರುವ ಆಮ್ಲಜನಕ. ಕಬ್ಬಿಣ ಮತ್ತು ಆಮ್ಲಜನಕ ಸೇರುವಾಗ ಅನಿಲ ಮಾಯವಾಗುತ್ತದೆ, ಎಂಟ್ರೊಪಿ ಇಳಿಯುತ್ತದೆ. ಆದರೆ ಹೊರಗೆ ಬರುವ ಶಾಖ ಎಷ್ಟು ಹೆಚ್ಚು ಅಂದರೆ 25 ಡಿಗ್ರಿಯಲ್ಲೂ ΔG ಋಣ, 1,000 ಡಿಗ್ರಿಯಲ್ಲೂ ಋಣ. ತಣ್ಣಗಿದ್ದರೆ ಅದು ನಿಧಾನ, ನಿಮ್ಮ ಮನೆಯ ಗೇಟಿಗೆ ತುಕ್ಕು ಹಿಡಿದ ಹಾಗೆ. ಕಾದಿದ್ದು ತೂತು ತೂತಾಗಿದ್ದರೆ ಅದು ಉರಿಯುವಷ್ಟು ವೇಗ.

ಅದಕ್ಕೇ ಕಿಲ್ನ್‌ನಿಂದ ಹೊರಬಂದ ಸ್ಪಾಂಜ್ ಐರನ್ ನೇರವಾಗಿ ಬಯಲಿಗೆ ಬೀಳುವುದಿಲ್ಲ. ಗಾಳಿ ಹೋಗದ ಹಾಗೆ ಮುಚ್ಚಿದ, ಹೊರಗಿನಿಂದ ನೀರು ಸುರಿಯುವ ತಿರುಗುವ ಕೊಳವೆಯಲ್ಲಿ ಅದನ್ನು 100 ಡಿಗ್ರಿಯ ಆಸುಪಾಸಿಗೆ ತಣಿಸುತ್ತಾರೆ. ಆಮೇಲೆ ಅಯಸ್ಕಾಂತ ಹಿಡಿದು ಉಳಿದ ಇದ್ದಲು, ಬೂದಿಯಿಂದ ಬೇರೆ ಮಾಡುತ್ತಾರೆ. ಅಯಸ್ಕಾಂತಕ್ಕೆ ಅಂಟಿದ್ದೆಲ್ಲ ಪೂರ್ತಿ ಕಬ್ಬಿಣ ಅಂತ ತಿಳಿಯಬೇಡ. ಮೊದಲ ಮೆಟ್ಟಿಲಿನಲ್ಲೇ ನಿಂತುಬಿಟ್ಟ Fe₃O₄ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ. ಎಷ್ಟು ಪಾಲು ನಿಜವಾಗಿ ಕಬ್ಬಿಣವಾಗಿದೆ ಅಂತ ತಿಳಿಯಲು ಪ್ರತಿ ಪಾಳಿಯಲ್ಲೂ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಲೇಬೇಕು.