ಕೀಲುನೋವು ಹೋದ ಮೇಲೂ ಇಂಜೆಕ್ಷನ್ ಏಕೆ?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಮೊದಲು ಮೊಣಕಾಲು ಊದಿಕೊಂಡಿತು; ಅದು ಇಳಿಯುವಷ್ಟರಲ್ಲಿ ಇನ್ನೊಂದು ಮೊಣಕಾಲು, ಆಮೇಲೆ ಮೊಣಕೈ. ರುಮ್ಯಾಟಿಕ್ ಜ್ವರ ಎಂದರು. ಎಕೋದಲ್ಲಿ ಹೃದಯದ ಕವಾಟ ಸ್ವಲ್ಪ ಸೋರುತ್ತಿದೆಯಂತೆ. ಈಗ ಆರಾಮವಾಗಿ ಓಡಾಡುತ್ತಿದ್ದಾಳೆ. ಆದರೂ 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸಲೇಬೇಕೇ? ಅವಳ ಅಳು ನೋಡಲಾಗುವುದಿಲ್ಲ.

ಉತ್ತರ: ಚುಚ್ಚಿಸಲೇಬೇಕು. ಕೀಲುಗಳಲ್ಲಿ ಈ ಜ್ವರ ಗುರುತು ಉಳಿಸುವುದು ಅಪರೂಪ, ಕವಾಟಗಳಲ್ಲಿ ಉಳಿಸುತ್ತದೆ.

ಇದರ ಮೂಲ ಗಂಟಲಿನಲ್ಲಿದೆ. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು ಎರಡು ಮೂರು ವಾರ ಕಳೆದ ಮೇಲೆ, ಆ ಸೋಂಕಿನ ವಿರುದ್ಧ ಹುಟ್ಟಿದ ಪ್ರತಿರೋಧವೇ ದಾರಿ ತಪ್ಪಿ ಕೀಲು ಮತ್ತು ಹೃದಯದ ಮೇಲೆ ತಿರುಗುತ್ತದೆ. ಒಮ್ಮೆ ಹೀಗಾದ ಮಗುವಿಗೆ ಮತ್ತೆ ಅದೇ ಸೋಂಕು ತಗುಲಿದರೆ ಜ್ವರ ಮರುಕಳಿಸುವ ಸಾಧ್ಯತೆ ಬಹಳ ಹೆಚ್ಚು. ಪ್ರತಿ ಸಲವೂ ಕವಾಟ ಇನ್ನಷ್ಟು ಗಾಯಗೊಂಡು ದಪ್ಪವಾಗುತ್ತದೆ, ಅಂಚುಗಳು ಅಂಟಿಕೊಳ್ಳುತ್ತವೆ. ಹೆಚ್ಚಾಗಿ ಕೆಡುವುದು ಎಡಭಾಗದ ಮೈಟ್ರಲ್ ಕವಾಟ. ಎಷ್ಟೋ ಹೆಣ್ಣುಮಕ್ಕಳಲ್ಲಿ ಇದು ಬಯಲಾಗುವುದು ಗರ್ಭಿಣಿಯಾದಾಗ, ಮಲಗಿದರೆ ಉಸಿರು ಕಟ್ಟಲು ಶುರುವಾದ ಮೇಲೆ.

ಬೆಂಜಥೀನ್ ಪೆನಿಸಿಲಿನ್ ಸ್ನಾಯುವಿನಲ್ಲಿ ಉಳಿದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಮೂರು ವಾರ ದಾಟಿದರೆ ಅದರ ಪ್ರಮಾಣ ಕುಸಿಯುತ್ತದೆ. ಹಬ್ಬ, ಪರೀಕ್ಷೆ, ಊರಿನ ಪಯಣ ಎಂದು ಒಂದು ವಾರ ಮುಂದೂಡಿದರೆ ಆ ವಾರ ಅವಳಿಗೆ ರಕ್ಷಣೆ ಕಡಿಮೆ. ಹಾಗಾಗಿ ಸೂಜಿ ಹಾಕಿಸಿದ ದಿನವೇ ಮುಂದಿನ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ತಡವಾಗುವುದಾದರೆ ಎರಡು ದಿನ ಮೊದಲೇ ಹಾಕಿಸಿಕೊಳ್ಳಿ.

ಅಳುವಿಗೆ ಬರೋಣ. ಇದು ನಿಜಕ್ಕೂ ನೋಯುವ ಇಂಜೆಕ್ಷನ್. ಅವಳಿಗೆ "ಏನೂ ಆಗುವುದಿಲ್ಲ" ಎನ್ನಬೇಡಿ. ಔಷಧದ ಸಿರಿಂಜನ್ನು ಅಂಗೈಯಲ್ಲಿ ಹಿಡಿದು ತಣುವು ಬಿಡಿಸಲು, ಚುಚ್ಚುವ ಜಾಗವನ್ನು ಹೆಬ್ಬೆರಳಿನಿಂದ ಹತ್ತು ಸೆಕೆಂಡು ಗಟ್ಟಿಯಾಗಿ ಒತ್ತಲು, ಔಷಧವನ್ನು ಎರಡು ಮೂರು ನಿಮಿಷ ತೆಗೆದುಕೊಂಡು ನಿಧಾನವಾಗಿ ಬಿಡಲು ದಾದಿಯನ್ನು ಕೇಳಿ. ಈ ಸಲ ಎಡಗಡೆಯಾದರೆ ಮುಂದಿನ ಸಲ ಬಲಗಡೆ. ಖಾಲಿ ಹೊಟ್ಟೆಯಲ್ಲಿ ಕರೆದೊಯ್ಯಬೇಡಿ. ಅಲರ್ಜಿ ಕಾಣಿಸಿದರೆ ತಕ್ಷಣ ಚಿಕಿತ್ಸೆ ಸಿಗಲು, ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ. ಆಗಾಗ ತೂಕ ನೋಡಿಸಿ, ಬೆಳೆದಂತೆ ಡೋಸ್ 6 ಲಕ್ಷ ಯೂನಿಟ್‌ನಿಂದ 12 ಲಕ್ಷಕ್ಕೆ ಏರಬೇಕಾಗುತ್ತದೆ.

ಎಷ್ಟು ವರ್ಷ? ಹೃದಯಕ್ಕೆ ತಾಗದಿದ್ದರೆ ಕನಿಷ್ಠ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಹೆಚ್ಚೋ ಅದು. ನಿಮ್ಮ ಮಗಳಿಗೆ ಸೋರಿಕೆ ಇರುವುದರಿಂದ ಸಾಮಾನ್ಯವಾಗಿ 25ರವರೆಗೆ ಹೇಳುತ್ತಾರೆ. ಕವಾಟ ತೀವ್ರವಾಗಿ ಕೆಟ್ಟಿದ್ದರೆ 40ರವರೆಗೆ, ಕೆಲವರಿಗೆ ಜೀವನಪೂರ್ತಿ. ನಿಲ್ಲಿಸುವ ನಿರ್ಧಾರ ಎಕೋ ನೋಡಿದ ವೈದ್ಯರದ್ದೇ ಆಗಿರಲಿ.

ಮನೆಯಲ್ಲಿ ಇನ್ನೊಂದು ಮಗುವಿದ್ದರೆ, ಅದಕ್ಕೆ ಜ್ವರದೊಂದಿಗೆ ಗಂಟಲು ನೋವು ಬಂದಾಗ ಉಪ್ಪುನೀರಿನಲ್ಲೇ ದಿನ ತಳ್ಳಬೇಡಿ, ವೈದ್ಯರಿಗೆ ತೋರಿಸಿ. ಪೆನಿಸಿಲಿನ್ ಮಾತ್ರೆ ಬರೆದುಕೊಟ್ಟರೆ ನೋವು ಮೂರೇ ದಿನದಲ್ಲಿ ಹೋದರೂ ಹತ್ತು ದಿನವೂ ಕೊಡಿ.