ಪದ ಪರಿಚಯ: ಗೋಪ್ಯತೆಯ ಮಿತಿ

ಆಪ್ತ ಸಮಾಲೋಚಕರು ತಮ್ಮ ಬಗ್ಗೆ ಬರೆದುಕೊಳ್ಳುವ ಪರಿಚಯದಲ್ಲಿ ಒಂದು ಸಾಲು ಜಾಸ್ತಿ ಕಾಣುತ್ತದೆ: ‘ನೀವು ಹೇಳಿದ್ದು ನೂರಕ್ಕೆ ನೂರು ಗುಟ್ಟಾಗಿರುತ್ತದೆ.’ ಓದಿದವರಿಗೆ ಧೈರ್ಯ ಬರುತ್ತದೆ, ನಿಜ. ಆದರೆ ಈ ಮಾತನ್ನು ಯಾರೂ ಉಳಿಸಿಕೊಳ್ಳಲಾರರು. ಕೇಳಿದ್ದನ್ನು ಹೊರಗೆ ಹೇಳಲೇಬೇಕಾದ ಕೆಲವು ಸಂದರ್ಭಗಳಿವೆ. ಆ ಗೆರೆಗೇ ಗೋಪ್ಯತೆಯ ಮಿತಿ ಎನ್ನುತ್ತಾರೆ.

ಧಾರವಾಡದ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುವ 16 ವರ್ಷದ ಹುಡುಗಿಯೊಬ್ಬಳು ಈ ಸಾಲು ನಂಬಿ ಬಂದಳು ಅಂದುಕೊಳ್ಳಿ. ಎರಡನೇ ಭೇಟಿಯಲ್ಲಿ, ಟ್ಯೂಷನ್ ಹೇಳುವವರು ಮೈಮುಟ್ಟಿ ಕಾಡಿದ್ದನ್ನು ಹೇಳುತ್ತಾಳೆ. ‘ಮನೆಯಾಗ ಗೊತ್ತಾಗಬಾರದ್ರಿ ಮೇಡಂ’ ಅನ್ನುತ್ತಾಳೆ. ಈಗ ಸಮಾಲೋಚಕಿ ಸುಮ್ನೆ ಇರುವಂತಿಲ್ಲ. 18 ತುಂಬದವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುವುದು ಇದನ್ನೇ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಆಗಬಹುದು. ತಿಳಿಸಿದರೆ, ‘ಗುಟ್ಟಾಗಿರುತ್ತದೆ’ ಎಂದು ಬರೆದವರೇ ಮೋಸ ಮಾಡಿದರು ಎಂದು ಹುಡುಗಿಗೆ ಅನಿಸುತ್ತದೆ. ಅವಳಿಗೆ ಹಾಗನಿಸಿದರೆ ತಪ್ಪೇನಿಲ್ಲ ಅಲ್ವಾ?

ಇನ್ನೊಂದು ಸಂದರ್ಭ, ಯಾರದಾದರೂ ಜೀವಕ್ಕೆ ಅಪಾಯ ಇರುವುದು. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಕಡ್ಡಾಯ ಮಾಡಿದೆ. ಬೇರೆಯವರಿಗೆ ಹಾನಿಯಾಗುವಂತಿದ್ದರೆ ಬಾಯಿ ಬಿಡಲು ಅವಕಾಶವನ್ನೂ ಕೊಟ್ಟಿದೆ. ಆಗಲೂ ಆ ಹಾನಿ ತಪ್ಪಿಸಲು ಬೇಕಾದಷ್ಟನ್ನೇ ಹೇಳಬೇಕು, ಇಡೀ ಕಥೆಯನ್ನಲ್ಲ.

ಹೀಗಾಗಿ ಆ ಸಾಲನ್ನು ಹೀಗೆ ಬರೆಯುವುದು ಒಳ್ಳೆಯದು: ‘ನಿಮ್ಮ ಮಾತು ನನ್ನಲ್ಲೇ ಇರುತ್ತದೆ. ಜೀವಕ್ಕೆ ಅಪಾಯವಿದ್ದರೆ, ಮಕ್ಕಳ ಮೇಲೆ ದೌರ್ಜನ್ಯ ನಡೆದಿದ್ದರೆ, ಇಲ್ಲವೇ ಕೋರ್ಟ್ ಆದೇಶ ಬಂದರೆ ಮಾತ್ರ, ಅಗತ್ಯವಿದ್ದಷ್ಟನ್ನು ಹೊರಗೆ ಹೇಳಬೇಕಾಗುತ್ತದೆ. ಸಾಧ್ಯವಾದಷ್ಟೂ ನಿಮಗೆ ಮೊದಲೇ ತಿಳಿಸುತ್ತೇನೆ.’ ಇದನ್ನು ಓದಿ ಒಬ್ಬಿಬ್ಬರು ಹಿಂಜರಿಯಬಹುದು. ಆದರೂ ಬಂದವರು ಗೊತ್ತಿದ್ದೇ ಬಂದಿರುತ್ತಾರೆ.

ಗುಟ್ಟು ಸೋರುವ ಇನ್ನೊಂದು ಜಾಗ ‘ಯಶಸ್ಸಿನ ಕಥೆ’. ‘ಹುಬ್ಬಳ್ಳಿ ವಿದ್ಯಾನಗರದ ಬ್ಯಾಂಕ್ ಉದ್ಯೋಗಿ, ಅವಳಿ ಮಕ್ಕಳ ತಾಯಿ, ವಿಚ್ಛೇದನದ ಯೋಚನೆ ಬಿಟ್ಟರು’ ಎಂದು ಒಬ್ಬರು ಬರೆದರು ಅನ್ನಿ. ಹೆಸರಿಲ್ಲ, ಸರಿ. ಆದರೆ ಆ ಬ್ಯಾಂಕಿನ ಕ್ಯಾಷ್ ಕೌಂಟರ್‌ನಲ್ಲಿ ಕೂತವರಿಗೆ ‘ಅವಳಿ ಮಕ್ಕಳು’ ಅನ್ನುವುದೊಂದೇ ಸಾಕು. ಹೆಸರು ಬದಲಿಸಿದರೂ ಪ್ರಯೋಜನವಿಲ್ಲ. ನನ್ನ ಪ್ರಕಾರ ಇಂಥ ಕಥೆಯೇ ಪರಿಚಯದಲ್ಲಿ ಬೇಡ. ಅದರ ಬದಲು ಎಲ್ಲಿ, ಏನು ಓದಿದ್ದೀರಿ, ಯಾವ ತೊಂದರೆಗಳ ಬಗ್ಗೆ ಕೆಲಸ ಮಾಡುತ್ತೀರಿ, ಒಂದು ಭೇಟಿ ಎಷ್ಟು ಹೊತ್ತು, ಶುಲ್ಕ ಎಷ್ಟು ಎಂದು ಬರೆಯಿರಿ.

ವೃತ್ತಿಯ ಮಿತಿಗೂ ಒಂದು ಸಾಲು ಬೇಕು. ‘ಖಿನ್ನತೆ ಗುಣಪಡಿಸುತ್ತೇನೆ’ ಬೇಡ. ‘ನಾನು ವೈದ್ಯೆಯಲ್ಲ, ಔಷಧಿ ಬರೆಯುವುದಿಲ್ಲ. ಬೇಕೆನಿಸಿದರೆ ಮನೋವೈದ್ಯರಲ್ಲಿಗೆ ಅಥವಾ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಲು ಹೇಳುತ್ತೇನೆ’ ಎಂದು ಬರೆದರೆ ಸಾಕು. ರಾತ್ರಿ ಎರಡು ಗಂಟೆಗೆ ಫೋನ್ ಎತ್ತಲು ನಿಮಗೆ ಆಗದಿದ್ದರೆ ಅದನ್ನೂ ಹೇಳಿ, ಪಕ್ಕದಲ್ಲೇ ಟೆಲಿ ಮಾನಸ್‌ನ 14416 ಹಾಕಿ. ಅದು ಹಗಲು ರಾತ್ರಿ ಸಿಗುವ ಉಚಿತ ಸರ್ಕಾರಿ ಸಹಾಯವಾಣಿ.